ಗರ್ಭಿಣಿಯ ರಾತ್ರಿ ನಿದ್ದೆ: ಕಾಲಿನ ಚಡಪಡಿಕೆಯಿಂದ ಶುರು ಮಾಡುವ ಕ್ರಮ

ನಿದ್ದೆ ಹತ್ತುತ್ತಿಲ್ಲ, ಕಾಲು ಒಂದು ಕಡೆ ನಿಲ್ಲುತ್ತಿಲ್ಲ, ಹೇಗೋ ನಿದ್ದೆ ಬಂದರೆ ಬೆಚ್ಚಿಬೀಳಿಸುವ ಕನಸು. ಗರ್ಭಿಣಿಯರು ಈ ಮೂರನ್ನೂ ಬೇರೆ ಬೇರೆ ತೊಂದರೆಗಳಂತೆ ಹೇಳಿಕೊಳ್ಳುತ್ತಾರೆ. ಬಹಳ ಸಲ ಅವು ಒಂದನ್ನೊಂದು ಎಳೆದುಕೊಂಡು ಬರುತ್ತವೆ. ಮಲಗಿದ ಕೂಡಲೇ ಕಾಲು ಚಡಪಡಿಸುವುದರಿಂದ ನಿದ್ದೆ ತಡವಾಗುತ್ತದೆ. ಮೂತ್ರಕ್ಕೆಂದು ಎದ್ದು ಬಂದು ಮಲಗಿದರೆ ಕಾಲಿನ ಕಾಟ ಮತ್ತೆ ಶುರು. ಬೆಳಗಿನ ಜಾವ, ಕನಸು ದಟ್ಟವಾಗಿರುವ ಹೊತ್ತಿನಲ್ಲೇ ಪದೇ ಪದೇ ಎಚ್ಚರವಾಗುವುದರಿಂದ ಕನಸೆಲ್ಲ ನೆನಪಿನಲ್ಲಿ ಉಳಿಯುತ್ತದೆ. ಮಾರನೆಯ ದಿನ ದಣಿವಾಗಿದೆಯೆಂದು ಬೇಗ ಮಲಗಿದರೆ ಕಾಲಿಗೆ ಕಾಡಲು ಇನ್ನಷ್ಟು ಹೊತ್ತು ಸಿಕ್ಕಿತು, ಅಷ್ಟೇ.

ಹಾಗಾಗಿ ಈ ಮಾರ್ಗದರ್ಶಿ ಕಾಲಿನಿಂದ ಶುರುವಾಗುತ್ತದೆ. ನಿಮಗೆ ಕಾಲಿನ ತೊಂದರೆಯೇ ಇಲ್ಲವೆಂದಾದರೆ ನೇರವಾಗಿ 4ನೇ ಹಂತಕ್ಕೆ ಹೋಗಬಹುದು.

1. ಇದು ಚಡಪಡಿಕೆಯೋ ಬೇರೇನೋ ಎಂದು ಗುರುತಿಸುವುದು

ವೈದ್ಯರು ‘ರೆಸ್ಟ್‌ಲೆಸ್ ಲೆಗ್ಸ್’ ಎನ್ನುವ ಈ ತೊಂದರೆಗೆ ನಾಲ್ಕು ಲಕ್ಷಣಗಳು ಕೂಡಿರಬೇಕು. ಕಾಲು ಅಲುಗಾಡಿಸಲೇಬೇಕು ಎನ್ನುವ ತಡೆಯಲಾಗದ ಒತ್ತಡ. ಅದು ಕೂತಾಗ ಅಥವಾ ಮಲಗಿದಾಗ ಶುರುವಾಗುವುದು ಇಲ್ಲವೇ ಹೆಚ್ಚುವುದು. ಎದ್ದು ನಡೆದರೆ, ನಡೆಯುತ್ತಿರುವಷ್ಟು ಹೊತ್ತಾದರೂ ತಗ್ಗುವುದು. ಹಗಲಿಗಿಂತ ಸಂಜೆ ಮತ್ತು ರಾತ್ರಿ ಜೋರಾಗಿರುವುದು. ಒಳಗೆ ಏನೋ ಹರಿದಾಡಿದಂತೆ, ಎಳೆದಂತೆ, ಗುಳ್ಳೆ ಏಳುತ್ತಿರುವಂತೆ ಎಂದೆಲ್ಲ ಹೇಳುವವರಿದ್ದಾರೆ. ನೋವು ಇರಲೇಬೇಕೆಂದಿಲ್ಲ. ಗರ್ಭಿಣಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಕೊನೆಯ ಮೂರು ತಿಂಗಳಲ್ಲಿ ಹೆಚ್ಚು.

ಇದರ ಜೊತೆ ಹೆಚ್ಚಾಗಿ ಕಲೆಸಿಹೋಗುವುದು ಸ್ನಾಯು ಸೆಳೆತ. ಸೆಳೆತ ಬಂದಾಗ ಮೀನಖಂಡ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕೈಯಿಂದ ಮುಟ್ಟಿದರೆ ಗಂಟು ಸಿಗುತ್ತದೆ, ನೋವು ಒಮ್ಮೆಲೇ ಬರುತ್ತದೆ. ಅದಕ್ಕೆ ಮದ್ದು ಬೇರೆ: ಮಂಡಿ ನೇರವಾಗಿಟ್ಟು ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಂಡು ಹಿಡಿಯಬೇಕು. ಬೆರಳು ಮುಂದಕ್ಕೆ ಚಾಚಿದರೆ ಸೆಳೆತ ಹೆಚ್ಚುತ್ತದೆ.

ಎರಡು ಸಂದರ್ಭಗಳಲ್ಲಿ ಮನೆಮದ್ದಿಗೆ ಕೈ ಹಾಕಬೇಡಿ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಉಜ್ಜಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಚರ್ಮದ ಮೇಲೆ ಗುಳ್ಳೆಯೇನೂ ಇಲ್ಲದೆ ಅಂಗೈ, ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಸುತ್ತಿದ್ದರೆ ಅದು ಪಿತ್ತಜನಕಾಂಗಕ್ಕೆ ಸಂಬಂಧಿಸಿದ ತೊಂದರೆಯ ಸುಳಿವಾಗಿರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕು, ಏಕೆಂದರೆ ಮಗುವಿನ ಮೇಲೂ ಪರಿಣಾಮವಿರುತ್ತದೆ.

2. ಫೆರಿಟಿನ್ ಕೇಳಿ ಮಾಡಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ‘ಹಿಮೋಗ್ಲೋಬಿನ್ ಚೆನ್ನಾಗಿದೆಯಲ್ಲ, ರಕ್ತ ಕಡಿಮೆಯಿಲ್ಲ’ ಎಂದು ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಹಿಮೋಗ್ಲೋಬಿನ್ ಹೇಳುವುದು ರಕ್ತದಲ್ಲಿ ಓಡಾಡುತ್ತಿರುವ ಕಬ್ಬಿಣದ ಕಥೆಯನ್ನು. ದಾಸ್ತಾನು ಎಷ್ಟಿದೆ ಎಂದು ಹೇಳುವುದು ಫೆರಿಟಿನ್. ದೇಹ ಮೊದಲು ದಾಸ್ತಾನನ್ನು ಖಾಲಿ ಮಾಡಿಕೊಂಡು, ಆಮೇಲಷ್ಟೇ ಹಿಮೋಗ್ಲೋಬಿನ್ ಇಳಿಯಲು ಬಿಡುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ 11ರ ಮೇಲಿದ್ದೂ ಫೆರಿಟಿನ್ ತಳ ಕಂಡಿರಬಹುದು.

ಕಬ್ಬಿಣಕ್ಕೂ ಕಾಲಿಗೂ ಏನು ಸಂಬಂಧ? ಮಿದುಳಿನಲ್ಲಿ ಡೋಪಮಿನ್ ತಯಾರಾಗಲು ಕಬ್ಬಿಣ ಬೇಕು, ಮತ್ತು ಚಲನೆಯನ್ನು ಹದದಲ್ಲಿಡುವ ವ್ಯವಸ್ಥೆಗೆ ಡೋಪಮಿನ್ ಬೇಕು. ಡೋಪಮಿನ್ ಚಟುವಟಿಕೆ ಸಂಜೆ, ರಾತ್ರಿ ಸಹಜವಾಗಿಯೇ ತಗ್ಗುತ್ತದೆ. ಚಡಪಡಿಕೆ ರಾತ್ರಿಯೇ ಜೋರಾಗಲು ಇದೂ ಒಂದು ಕಾರಣ ಎನ್ನಲಾಗುತ್ತದೆ.

ಫೆರಿಟಿನ್ 30ಕ್ಕಿಂತ ಕಡಿಮೆಯಿದ್ದರೆ ಗರ್ಭಿಣಿಯಲ್ಲಿ ಅದನ್ನು ಕಬ್ಬಿಣದ ಕೊರತೆ ಎಂದೇ ಪರಿಗಣಿಸುತ್ತಾರೆ. (ಲೀಟರಿಗೆ ಮೈಕ್ರೋಗ್ರಾಂ ಎಂದು ಬರೆದಿದ್ದರೂ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದಿದ್ದರೂ ಸಂಖ್ಯೆ ಒಂದೇ.) ಆದರೆ ಕಾಲಿನ ಚಡಪಡಿಕೆ ಇದ್ದವರಿಗೆ ತಜ್ಞರು ಇಟ್ಟುಕೊಂಡಿರುವ ಗೆರೆ ಇನ್ನೂ ಮೇಲಿದೆ: 75ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡಬೇಕು ಎನ್ನುವುದು ಅವರ ಸಲಹೆ. ಪ್ರಯೋಗಾಲಯದ ಕಾಗದದಲ್ಲಿ 20 ಎನ್ನುವುದೂ ‘ಸಾಮಾನ್ಯ ವ್ಯಾಪ್ತಿ’ಯೊಳಗೆ ಅಚ್ಚಾಗಿರಬಹುದು, ಹಾಗಾಗಿ ಸಂಖ್ಯೆಯನ್ನೇ ನೋಡಿ. ಜ್ವರ ಅಥವಾ ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ. ಅದು ವಾಸಿಯಾದ ಮೇಲೆ ಮಾಡಿಸುವುದು ಒಳ್ಳೆಯದು.

ಮಾತ್ರೆಯ ಪ್ರಮಾಣವನ್ನು ವೈದ್ಯರು ನಿಗದಿ ಮಾಡಲಿ. ಆದರೆ ಚೀಟಿ ಓದಲು ನಿಮಗೂ ಬರಬೇಕು. ಲೆಕ್ಕಕ್ಕೆ ಬರುವುದು ಮಾತ್ರೆಯ ಒಟ್ಟು ತೂಕವಲ್ಲ, ಅದರಲ್ಲಿರುವ ಶುದ್ಧ ಕಬ್ಬಿಣ. ಪೊಟ್ಟಣದ ಮೇಲೆ ಅದು ‘ಎಲಿಮೆಂಟಲ್ ಐರನ್’ ಎಂದಿರುತ್ತದೆ. ಒಣ ಫೆರಸ್ ಸಲ್ಫೇಟ್ 200 ಮಿಲಿಗ್ರಾಂ ಮಾತ್ರೆಯಲ್ಲಿ ಅದು ಸುಮಾರು 65 ಮಿಲಿಗ್ರಾಂ, ಫೆರಸ್ ಗ್ಲುಕೋನೇಟ್ 300 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 35 ಮಾತ್ರ. ಚಡಪಡಿಕೆಗೆ ಸಾಮಾನ್ಯವಾಗಿ ಸೂಚಿಸುವುದು 65 ಮಿಲಿಗ್ರಾಂ ಶುದ್ಧ ಕಬ್ಬಿಣ, ದಿನಕ್ಕೆ ಒಂದು ಅಥವಾ ಎರಡು ಸಲ.

ತೆಗೆದುಕೊಳ್ಳುವ ರೀತಿಯಲ್ಲೇ ಅರ್ಧ ಫಲ ಹಾಳಾಗುವುದುಂಟು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ ಅಥವಾ ವಿಟಮಿನ್ ಸಿ ಇರುವ ಹಣ್ಣಿನ ರಸದೊಂದಿಗೆ ತೆಗೆದುಕೊಳ್ಳಿ. ಮಾತ್ರೆಯ ಹಿಂದೆ ಮುಂದೆ ಕನಿಷ್ಠ ಒಂದು ಗಂಟೆ ಕಾಫಿ, ಚಹಾ, ಹಾಲು ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ನೆನಪಿಗೆ ಸುಲಭವೆಂದು ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗುವವರೇ ಹೆಚ್ಚು. ಕರುಳಿನಲ್ಲಿ ಕಬ್ಬಿಣ ಹೀರಿಕೊಳ್ಳುವುದನ್ನು ಕ್ಯಾಲ್ಸಿಯಂ ತಗ್ಗಿಸುತ್ತದೆ. ಮಲ ಕಪ್ಪಾಗುವುದು ಸಹಜ. ವಾಕರಿಕೆ, ಮಲಬದ್ಧತೆ ತಡೆಯಲಾಗದಿದ್ದರೆ ಮಾತ್ರೆ ನಿಲ್ಲಿಸಿಬಿಡಬೇಡಿ. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ಒಂದು ಡೋಸ್ ಆದ ಮೇಲೆ ಸುಮಾರು ಒಂದು ದಿನ ದೇಹವೇ ಕಬ್ಬಿಣ ಹೀರುವುದನ್ನು ತಗ್ಗಿಸುವುದರಿಂದ, ಹಾಗೆ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಸಿಗುವ ಪಾಲು ಹೆಚ್ಚುತ್ತದೆ.

ಫಲ ಕಾಣಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ನುಂಗಿ ‘ಏನೂ ಆಗಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಮಾತ್ರೆಯಿಂದ ಏರದೆ ಫೆರಿಟಿನ್ 30ರ ಕೆಳಗೇ ಉಳಿದರೆ, ಮೊದಲ ಮೂರು ತಿಂಗಳು ಕಳೆದ ಮೇಲೆ ಡ್ರಿಪ್ ಮೂಲಕ ಕಬ್ಬಿಣ ಕೊಡುವ ದಾರಿಯಿದೆ. ಥಲಸ್ಸೀಮಿಯಾದಂಥ ಆನುವಂಶಿಕ ರಕ್ತದ ತೊಂದರೆ ಇರುವವರು ಫೆರಿಟಿನ್ ನೋಡದೆ ಹೆಚ್ಚುವರಿ ಕಬ್ಬಿಣ ತೆಗೆದುಕೊಳ್ಳಬಾರದು. ಅವರಲ್ಲಿ ದಾಸ್ತಾನು ತುಂಬಿಯೇ ಇರಬಹುದು.

ಇದರ ಜೊತೆಗೇ ನಿಮ್ಮ ಬೇರೆ ಔಷಧಿಗಳ ಪಟ್ಟಿಯನ್ನೂ ವೈದ್ಯರ ಮುಂದಿಡಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಡೋಪಮಿನ್ನಿಗೆ ಅಡ್ಡ ಬಂದು ಚಡಪಡಿಕೆ ಹೆಚ್ಚಿಸಬಲ್ಲದು. ಮಂಪರು ತರುವ ಅಲರ್ಜಿ ಮಾತ್ರೆಗಳೂ ಹಾಗೆಯೇ. ನಿದ್ದೆ ಬರಲೆಂದು ಡೈಫೆನ್‌ಹೈಡ್ರಮಿನ್ ನುಂಗಿದವರ ಕಾಲು ರಾತ್ರಿಯಿಡೀ ಕುಣಿಯುವುದು ಇದೇ ಕಾರಣಕ್ಕೆ. ಕೆಲವು ಖಿನ್ನತೆಯ ಮಾತ್ರೆಗಳಿಗೂ ಈ ಗುಣವಿದೆ, ಆದರೆ ಅವನ್ನು ತಾವಾಗಿಯೇ ನಿಲ್ಲಿಸುವುದು ಚಡಪಡಿಕೆಗಿಂತ ದೊಡ್ಡ ಅಪಾಯ.

3. ಸಂಜೆಯ ಒಂದು ಗಂಟೆ, ಮತ್ತು ನಡುರಾತ್ರಿಯ ಐದು ನಿಮಿಷ

ಕಬ್ಬಿಣ ಕೆಲಸ ಶುರು ಮಾಡುವವರೆಗೆ ರಾತ್ರಿಗಳನ್ನು ದಾಟಿಸಬೇಕಲ್ಲ. ಮಲಗುವ ಎರಡು ಮೂರು ಗಂಟೆ ಮೊದಲು 15–20 ನಿಮಿಷ ಸಾಧಾರಣ ವೇಗದಲ್ಲಿ ನಡೆಯಿರಿ. ಏದುಸಿರು ಬರುವಂಥ ವ್ಯಾಯಾಮ ಆ ಹೊತ್ತಿಗೆ ಬೇಡ, ಅದು ಕಾಲನ್ನು ಇನ್ನಷ್ಟು ಕೆಣಕುತ್ತದೆ. ಆಮೇಲೆ ಗೋಡೆಗೆ ಎರಡೂ ಕೈ ಊರಿ ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಅಂಟಿಸಿ, ಮುಂದಿನ ಮಂಡಿ ನಿಧಾನಕ್ಕೆ ಬಾಗಿಸಿ. ಹಿಂದಿನ ಮೀನಖಂಡದಲ್ಲಿ ಎಳೆತ ಗೊತ್ತಾಗುವಲ್ಲಿ 30 ಸೆಕೆಂಡ್ ನಿಲ್ಲಿ. ಪ್ರತಿ ಕಾಲಿಗೆ ಮೂರು ಸಲ.

ಮಲಗುವ ಮುನ್ನ ಉಗುರುಬೆಚ್ಚನೆಯ ನೀರಿನಲ್ಲಿ ಮೀನಖಂಡದವರೆಗೆ ಹತ್ತು ನಿಮಿಷ ಕಾಲಿಟ್ಟು, ಒರೆಸಿ, ಹಿಮ್ಮಡಿಯಿಂದ ಮಂಡಿಯ ಕಡೆಗೆ ಅಂಗೈಯಿಂದ ಒತ್ತಿ ನೀವಿ. ಒತ್ತಡ ಸ್ವಲ್ಪ ಗಟ್ಟಿಯಾಗಿಯೇ ಇರಲಿ; ಹಗುರವಾಗಿ ಸವರಿದರೆ ಹರಿದಾಟ ಹೆಚ್ಚಾದಂತೆ ಅನ್ನಿಸುವವರೂ ಇದ್ದಾರೆ. ಕೆಲವರಿಗೆ ಬಿಸಿಗಿಂತ ತಣ್ಣೀರಿನ ಬಟ್ಟೆಯೇ ಹಿತ. ಎರಡನ್ನೂ ಮೂರು ಮೂರು ರಾತ್ರಿ ಪರೀಕ್ಷಿಸಿ, ಹಿಡಿಸಿದ್ದನ್ನು ಇಟ್ಟುಕೊಳ್ಳಿ. ಮೆಗ್ನೀಸಿಯಂ ಮಾತ್ರೆಯ ಬಗ್ಗೆ ಬಹಳ ಹೇಳುತ್ತಾರೆ. ಗರ್ಭಿಣಿಯರ ಸೆಳೆತದ ವಿಷಯದಲ್ಲೂ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಆದ್ದರಿಂದ ಕಬ್ಬಿಣ ಬಿಟ್ಟು ಅದರ ಹಿಂದೆ ಬೀಳುವುದು ಸರಿಯಲ್ಲ.

ಕಾಫಿಯ ಲೆಕ್ಕ ಗರ್ಭಿಣಿಯಲ್ಲಿ ಬದಲಾಗುತ್ತದೆ. ಸಾಮಾನ್ಯವಾಗಿ ಸುಮಾರು 5 ಗಂಟೆಯಲ್ಲಿ ಅರ್ಧಕ್ಕಿಳಿಯುವ ಕೆಫೀನ್, ಕೊನೆಯ ತಿಂಗಳುಗಳಲ್ಲಿ ಅರ್ಧಕ್ಕಿಳಿಯಲು 15 ಗಂಟೆಯಷ್ಟು ತೆಗೆದುಕೊಳ್ಳಬಹುದು. ಅಂದರೆ ಮಧ್ಯಾಹ್ನ 3ರ ಕಾಫಿಯ ಬಹುಪಾಲು ರಾತ್ರಿ 11ಕ್ಕೂ ರಕ್ತದಲ್ಲೇ ಇರುತ್ತದೆ. ದಿನಕ್ಕೆ 200 ಮಿಲಿಗ್ರಾಂ ಮಿತಿಯೊಳಗೆ, ಬೆಳಗಿನ ಹೊತ್ತಿಗೇ ಮುಗಿಸಿ.

ಮೂತ್ರಕ್ಕೆ ಏಳುವುದನ್ನೂ ಇಲ್ಲೇ ಸ್ವಲ್ಪ ತಗ್ಗಿಸಬಹುದು. ಹಗಲೆಲ್ಲ ಕಾಲಿಗಿಳಿದ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಅರ್ಧ ಗಂಟೆ ಎಡಮಗ್ಗುಲಿಗೆ ಒರಗಿ ಕಾಲು ಮೇಲಿಟ್ಟುಕೊಂಡರೆ ಆ ಕೆಲಸ ಮೊದಲೇ ಆಗುತ್ತದೆ. ನೀರು ಕಡಿಮೆ ಮಾಡುವುದಿದ್ದರೆ ಕೊನೆಯ ಎರಡು ಗಂಟೆ ಮಾತ್ರ.

ಇಷ್ಟಾಗಿಯೂ ನಡುರಾತ್ರಿ ಕಾಲು ಶುರು ಮಾಡಿದರೆ, ಹಲ್ಲು ಕಚ್ಚಿ ಮಲಗಿರಬೇಡಿ. ಅದುಮಿಟ್ಟಷ್ಟೂ ಅದು ಏರುತ್ತದೆ. ಎದ್ದು ಮಂದ ಬೆಳಕಿನಲ್ಲಿ ಐದು ನಿಮಿಷ ಓಡಾಡಿ, ಮೀನಖಂಡ ಎಳೆಯುವ ಅದೇ ವ್ಯಾಯಾಮ ಒಮ್ಮೆ ಮಾಡಿ. ಆಮೇಲೂ ಉಳಿದರೆ ಕೂತು ಮನಸ್ಸು ತೊಡಗುವಂಥದ್ದೇನಾದರೂ ಮಾಡಿ: ಪದಬಂಧ, ಹೆಣಿಗೆ. ಮನಸ್ಸು ಖಾಲಿಯಿದ್ದಾಗ ಚಡಪಡಿಕೆ ಹೆಚ್ಚು, ತೊಡಗಿದಾಗ ಕಡಿಮೆ.

4. ಹಾಸಿಗೆಯ ಹೊತ್ತನ್ನು ಅಳತೆಗೆ ತರುವುದು

ಇದಕ್ಕೆ ಮೊದಲು ಐದು ರಾತ್ರಿಗಳ ಲೆಕ್ಕ ಬರೆದಿಡಬೇಕು. ಮಲಗಿದ್ದು, ಅಂದಾಜು ನಿದ್ದೆ ಹತ್ತಿದ್ದು, ಎಚ್ಚರವಾಗಿದ್ದ ಹೊತ್ತು ಮತ್ತು ಕಾರಣ, ಎದ್ದದ್ದು. ಬೆಳಿಗ್ಗೆ ಬರೆಯಿರಿ, ರಾತ್ರಿ ಗಡಿಯಾರ ನೋಡುತ್ತ ಬರೆದರೆ ಅದೇ ಹೊಸ ಕಾಟವಾಗುತ್ತದೆ.

ಉದಾಹರಣೆಗೆ 30ನೇ ವಾರದ ಒಬ್ಬ ಗರ್ಭಿಣಿ. ಹಿಮೋಗ್ಲೋಬಿನ್ 11.2, ಫೆರಿಟಿನ್ 14. ರಾತ್ರಿ 9.30ಕ್ಕೆ ಮಲಗುತ್ತಾರೆ, ಕಾಲಿನಿಂದಾಗಿ ನಿದ್ದೆ ಹತ್ತುವುದು 11.15ಕ್ಕೆ. 1ಕ್ಕೆ ಮೂತ್ರಕ್ಕೆ ಎದ್ದರೆ ಮತ್ತೆ ನಿದ್ದೆ 2ಕ್ಕೆ. 4ಕ್ಕೆ ಕನಸಿನಿಂದ ಎಚ್ಚರ, 5ರವರೆಗೆ ಹೊರಳಾಟ, 6.30ಕ್ಕೆ ಏಳುವುದು. ಹಾಸಿಗೆಯಲ್ಲಿ 9 ಗಂಟೆ, ನಿದ್ದೆ ಬರೀ 5 ಗಂಟೆ 15 ನಿಮಿಷ. ಅಂದರೆ ಶೇ 58.

ಇಲ್ಲಿ ‘ಇನ್ನೂ ಬೇಗ ಮಲಗು’ ಎನ್ನುವ ಸಲಹೆ ತಪ್ಪು. ಸಂಜೆಯಿಂದ 11ರವರೆಗೆ ಇವರ ಕಾಲು ಬಿಡುವುದಿಲ್ಲ ಎಂದು ಲೆಕ್ಕವೇ ಹೇಳುತ್ತಿದೆ. ಆ ಹೊತ್ತನ್ನು ಹಾಸಿಗೆಯ ಹೊರಗೆ ಕಳೆಯಬೇಕು. ಇವರಿಗೆ ಹೊಂದುವುದು ರಾತ್ರಿ 11ರಿಂದ ಬೆಳಿಗ್ಗೆ 6ರವರೆಗಿನ 7 ಗಂಟೆ. ರಾತ್ರಿ ಹೇಗೇ ಕಳೆದರೂ 6ಕ್ಕೇ ಏಳುವುದು. ಹಗಲಿನಲ್ಲಿ ಒಂದೇ ಕಿರುನಿದ್ದೆ, 30 ನಿಮಿಷ, ಮಧ್ಯಾಹ್ನ 3ರೊಳಗೆ. ವಾರದ ಸರಾಸರಿಯಲ್ಲಿ ಹಾಸಿಗೆಯ ಹೊತ್ತಿನ ಶೇ 85ರಷ್ಟು ನಿದ್ದೆ ಬಂದರೆ, ಅಂದರೆ 7 ಗಂಟೆಯಲ್ಲಿ ಸುಮಾರು 6 ಗಂಟೆ, ಮೊದಲಿಗಿಂತ 15 ನಿಮಿಷ ಬೇಗ ಮಲಗುವುದು. ಹೀಗೆ ವಾರಕ್ಕೊಂದು ಹೆಜ್ಜೆ.

ಮೊದಲ ವಾರ ಹಗಲಿನಲ್ಲಿ ತೂಕಡಿಕೆ ಹೆಚ್ಚುತ್ತದೆ, ಅದು ನಿರೀಕ್ಷಿತವೇ. ಆ ವಾರ ವಾಹನ ಓಡಿಸಬೇಡಿ. ಗರ್ಭಿಣಿಯಲ್ಲದವರಿಗೆ ಈ ವಿಧಾನದಲ್ಲಿ ಇನ್ನೂ ಬಿಗಿ ಮಾಡುವುದುಂಟು, ಇಲ್ಲಿ ಆರೂವರೆ ಗಂಟೆಗಿಂತ ಕೆಳಗೆ ಇಳಿಸದಿರುವುದೇ ಲೇಸು. ಮೂರ್ಛೆರೋಗ ಅಥವಾ ಬೈಪೋಲಾರ್ ತೊಂದರೆ ಇರುವವರು, ಮಲಗಿಯೇ ವಿಶ್ರಾಂತಿ ಪಡೆಯಬೇಕೆಂದು ವೈದ್ಯರು ಹೇಳಿರುವವರು ಇದನ್ನು ಮಾಡಬಾರದು. ನಿದ್ದೆಗೇಡು ಮೊದಲಿಬ್ಬರಿಗೆ ಕಾಯಿಲೆ ಕೆರಳಿಸಬಲ್ಲದು.

ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಬರಲಿಲ್ಲ ಎನ್ನಿಸಿದರೆ ಎದ್ದು ಬೇರೆ ಕಡೆ ಕೂರಿ, ಕಣ್ಣು ಎಳೆದಾಗ ಮರಳಿ. ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ದೇಹ ಕಲಿತುಬಿಟ್ಟಿರುತ್ತದೆ, ಅದನ್ನು ಮರೆಸಬೇಕು.

28ನೇ ವಾರದಿಂದ ಮಗ್ಗುಲಾಗಿಯೇ ನಿದ್ದೆಗೆ ಜಾರಿ, ಎಡ ಬಲ ಯಾವುದಾದರೂ ಸರಿ. ಅಂಗಾತ ಮಲಗಿದಾಗ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ನಡುವೆ ಎಚ್ಚರವಾದಾಗ ಅಂಗಾತವಾಗಿದ್ದರೆ ಮಗ್ಗುಲು ಬದಲಿಸಿದರೆ ಸಾಕು, ಅದಕ್ಕಾಗಿ ಹೆದರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಎದೆಯುರಿಯಿದ್ದರೆ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಟ್ಟು, ತಲೆಯ ಜೊತೆ ಬೆನ್ನಿನ ಮೇಲ್ಭಾಗಕ್ಕೂ ದಿಂಬಿನ ಆಸರೆ ಕೊಡಿ. ಬರೀ ತಲೆ ಎತ್ತರಿಸಿದರೆ ಹೊಟ್ಟೆ ಮಡಚಿಕೊಂಡು ಉರಿ ಹೆಚ್ಚುತ್ತದೆ.

ಹೊಸದಾಗಿ ಜೋರು ಗೊರಕೆ ಶುರುವಾಗಿ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತಿದ್ದರೆ, ವಿಶೇಷವಾಗಿ ರಕ್ತದೊತ್ತಡವೂ ಏರುತ್ತಿದ್ದರೆ, ಈ ಹೊತ್ತಿನ ಲೆಕ್ಕ ಕೆಲಸಕ್ಕೆ ಬಾರದು. ಅದನ್ನು ವೈದ್ಯರಿಗೆ ಬೇರೆಯಾಗಿಯೇ ಹೇಳಬೇಕು.

5. ಕನಸಿನ ಎಚ್ಚರ

ಮಗುವನ್ನು ಎಲ್ಲೋ ಮರೆತು ಬಂದಂತೆ, ಕೈಯಿಂದ ಜಾರಿದಂತೆ, ಹೆರಿಗೆಯ ಹೊತ್ತಿಗೆ ಯಾರೂ ಸಿಗದಂತೆ ಕನಸು ಬೀಳುವುದು ಗರ್ಭಿಣಿಯರಲ್ಲಿ ತೀರಾ ಸಾಮಾನ್ಯ. ಕನಸು ಹೆಚ್ಚು ಬೀಳುವ ನಿದ್ದೆಯ ಹಂತ ರಾತ್ರಿಯ ಕೊನೆಯ ಮೂರನೇ ಒಂದು ಭಾಗದಲ್ಲಿ ದಟ್ಟವಾಗಿರುತ್ತದೆ. ನಿದ್ದೆ ಮುರಿಯದವರಿಗೂ ಕನಸು ಬೀಳುತ್ತದೆ, ಆದರೆ ಅದರ ನಡುವೆಯೇ ಎಚ್ಚರವಾಗದ ಕಾರಣ ನೆನಪಿರುವುದಿಲ್ಲ. ಮುಂದಾಗುವುದರ ಸೂಚನೆ ಎಂದು ಅದಕ್ಕೆ ಅರ್ಥ ಹಚ್ಚುವುದಕ್ಕೆ ಆಧಾರವಿಲ್ಲ. ಹಗಲಿನ ಆತಂಕವೇ ಅಲ್ಲಿ ಚಿತ್ರವಾಗಿರುತ್ತದೆ. ಕಾಲು ಮತ್ತು ಮೂತ್ರದ ಎಚ್ಚರಗಳು ಕಡಿಮೆಯಾದರೆ ಕನಸಿನ ಕಾಟವೂ ತಾನಾಗಿಯೇ ಇಳಿಯುವುದನ್ನು ನಿರೀಕ್ಷಿಸಬಹುದು.

ಎಚ್ಚರವಾದ ಗಳಿಗೆಯಲ್ಲಿ ಎದ್ದು ಕೂತು, ಎರಡೂ ಪಾದ ನೆಲಕ್ಕೂರಿ, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಕನಸಿನ ಅರ್ಥ ಹುಡುಕಲು ಮೊಬೈಲ್ ತೆಗೆದರೆ ಆ ರಾತ್ರಿಯ ನಿದ್ದೆ ಅಲ್ಲಿಗೆ ಮುಗಿದಂತೆ.

ಒಂದೇ ಕನಸು ಮರುಕಳಿಸುತ್ತಿದ್ದರೆ ಹಗಲಿನಲ್ಲಿ ಅದಕ್ಕೊಂದು ಕೆಲಸವಿದೆ. ಕನಸನ್ನು ನಾಲ್ಕೈದು ಸಾಲಿನಲ್ಲಿ ಬರೆಯಿರಿ. ಅದರಲ್ಲಿ ಎಲ್ಲಾದರೊಂದು ಕಡೆ ಬದಲಾವಣೆ ಮಾಡಿ. ಮಗು ಕಾಣೆಯಾಗುವ ಕನಸಾದರೆ, ಬಾಗಿಲು ತೆರೆದಾಗ ಅಕ್ಕನ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿದೆ ಎಂದು ಬರೆಯಬಹುದು. ಬದಲಾದ ರೂಪವನ್ನು ಮಾತ್ರ ಕಣ್ಣು ಮುಚ್ಚಿ ದಿನಕ್ಕೆ ಹತ್ತು ನಿಮಿಷ, ವಿವರ ವಿವರವಾಗಿ ನೋಡಿಕೊಳ್ಳಿ. ಎರಡು ವಾರ ಮುಂದುವರಿಸಿ. ಹಳೆಯ ರೂಪವನ್ನು ಮತ್ತೆ ಮತ್ತೆ ಓದುವುದು, ಎಲ್ಲರಿಗೂ ಹೇಳುತ್ತ ಕೂರುವುದು ಈ ಅಭ್ಯಾಸವನ್ನು ಕೆಡಿಸುತ್ತದೆ. ಹಿಂದೆ ನಡೆದ ಆಘಾತವೇ ಕನಸಾಗಿ ಬರುತ್ತಿದ್ದರೆ, ಹೆರಿಗೆಯ ಭಯ ಹಗಲನ್ನೂ ಆವರಿಸಿದ್ದರೆ, ಅಥವಾ ಬದುಕು ಬೇಡವೆನಿಸುತ್ತಿದ್ದರೆ ಇದನ್ನು ಒಬ್ಬರೇ ಮಾಡಬೇಡಿ. ಮನೋವೈದ್ಯರ ಸಹಾಯ ಬೇಕು, ಕೊನೆಯದಕ್ಕೆ ಅಂದೇ ಬೇಕು.

ಮಾತ್ರೆಯ ಮಾತು, ಮತ್ತು ಹೆರಿಗೆಯ ನಂತರ

ನಿದ್ದೆ ಮಾತ್ರೆ, ಮೆಲಟೋನಿನ್, ಗಿಡಮೂಲಿಕೆಯ ನಿದ್ದೆಪುಡಿ ಯಾವುದನ್ನೂ ಕೇಳದೆ ಶುರು ಮಾಡಬೇಡಿ. ಫೆರಿಟಿನ್ ಸರಿಯಾದ ಮೇಲೂ ವಾರಕ್ಕೆ ಹಲವು ರಾತ್ರಿ ಕಾಲಿನಿಂದ ನಿದ್ದೆ ಕೆಡುತ್ತಿದ್ದರೆ ಚಡಪಡಿಕೆಗೆಂದೇ ಇರುವ ಔಷಧಿಗಳಿವೆ. ಗರ್ಭಿಣಿಯಲ್ಲಿ ಅವನ್ನು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ, ನರರೋಗ ತಜ್ಞರೂ ಹೆರಿಗೆ ವೈದ್ಯರೂ ಮಾತಾಡಿಕೊಂಡು ಕೊಡುತ್ತಾರೆ.

ಗರ್ಭ ಧರಿಸಿದ ಮೇಲೆ ಶುರುವಾದ ಚಡಪಡಿಕೆ ಹೆರಿಗೆಯಾದ ಕೆಲವೇ ವಾರಗಳಲ್ಲಿ ಬಹುತೇಕರಲ್ಲಿ ಹೋಗುತ್ತದೆ. ಹೋಯಿತೆಂದು ಕಬ್ಬಿಣದ ಮಾತ್ರೆಯನ್ನು ಆ ದಿನವೇ ಬಿಡಬಾರದು. ಹೆರಿಗೆಯಲ್ಲಿ ಹೋಗುವ ರಕ್ತ ದಾಸ್ತಾನನ್ನು ಇನ್ನೊಮ್ಮೆ ಇಳಿಸಿರುತ್ತದೆ. ಎಷ್ಟು ಕಾಲ ಮುಂದುವರಿಸಬೇಕು, ಫೆರಿಟಿನ್ ಮತ್ತೆ ಯಾವಾಗ ಮಾಡಿಸಬೇಕು ಎಂದು ಆಸ್ಪತ್ರೆಯಿಂದ ಹೊರಡುವಾಗಲೇ ಕೇಳಿಕೊಳ್ಳಿ. ಒಮ್ಮೆ ಬಂದವರಿಗೆ ಮುಂದಿನ ಗರ್ಭದಲ್ಲಿ ಮರಳಿ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ಆಗ ಮೊದಲ ರಕ್ತಪರೀಕ್ಷೆಯಲ್ಲೇ ಫೆರಿಟಿನ್ ಸೇರಿಸಲು ಹೇಳಿ.